ಹದಿನಾಲ್ಕನೇ ಸಭೆಯ ಎಂಟನೇ ವಿಷಯ

ಹೊಸಪೇಟೆಯ ಕಾಲುವೆ ದಂಡೆಯ ಆ ಕಾಲೇಜಿನಲ್ಲಿ ಗಾಳೆಮ್ಮ ಮೇಡಂ ಎಂದರೆ ಎರಡು ಕೆಲಸಕ್ಕೆ ಹೆಸರು. ಒಂದು, ಕನ್ನಡ ಪಾಠ. ಇನ್ನೊಂದು, ಅಕಾಡೆಮಿಕ್ ಕೌನ್ಸಿಲ್ಲಿನ ನಡಾವಳಿ. ಪಾಠವನ್ನು ಅವರಿಗಿಂತ ಚೆಂದ ಮಾಡುವವರು ಇದ್ದರು. ನಡಾವಳಿಯನ್ನು ಅವರಂತೆ ಬರೆಯುವವರು ಇರಲಿಲ್ಲ.

ಕಂಪ್ಲಿ ಕಡೆಯ ಹುಡುಗಿ. ಅಪ್ಪನ ಗದ್ದೆಗೆ ಕಾಲುವೆ ನೀರು ಬಂದ ಮೇಲೆ ಮನೆಯಲ್ಲಿ ಕಬ್ಬು, ಭತ್ತ ಎರಡೂ ಆದವು. ಮಗಳು ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿ ಬಂದಳು. ಡ್ಯಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದ ಗುಡ್ಡಪ್ಪನನ್ನು ಮದುವೆಯಾಗಿ ಹೊಸಪೇಟೆಯಲ್ಲೇ ನಿಂತಳು. ಕಾಲೇಜು ನಡೆಸುವ ಸಂಸ್ಥೆಯವರು ಎಲ್ಲ ವಿಭಾಗದ ಮುಖ್ಯಸ್ಥರನ್ನು ಸೇರಿಸಿ ಅಕಾಡೆಮಿಕ್ ಕೌನ್ಸಿಲ್ ಅಂತ ಮಾಡಿದಾಗ, ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ ಆಕೆಯನ್ನು ಅದರ ಕಾರ್ಯದರ್ಶಿ ಮಾಡಿದರು.

ಆದರೆ ಗಾಳೆಮ್ಮ ಅದನ್ನು ಅಕ್ಷರದ ಕೆಲಸ ಅಂತ ತಿಳಿಯಲಿಲ್ಲ. ಸಭೆಗೆ ವಾರ ಮೊದಲು ಕಾರ್ಯಸೂಚಿ ಹೋಗಬೇಕು, ಅದರಲ್ಲಿ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಇರಬೇಕು. ಹನ್ನೆರಡನೇ ಸಭೆಯ ಮೂರನೇ ವಿಷಯಕ್ಕೆ ೧೨.೩. ಅದರ ಮೇಲೆ ಸಭೆ ಮಾಡಿದ ನಿರ್ಣಯಕ್ಕೂ ಅದೇ ೧೨.೩. ಒಂದೇ ವಿಷಯಕ್ಕೆ ಎರಡು ನಿರ್ಣಯವಾದರೆ ೧೨.೩ (ಅ), ೧೨.೩ (ಆ). ಹಿಂದಿನ ನಿರ್ಣಯವೊಂದನ್ನು ತಿದ್ದಿದರೆ ‘ನೋಡಿ: ೯.೫’ ಅಂತ ಪಕ್ಕದಲ್ಲೇ ಬರಬೇಕು. ಮುಂದಿನ ಸಭೆಯಲ್ಲಿ ಮೊದಲು ಹಿಂದಿನ ನಡಾವಳಿಯ ದೃಢೀಕರಣ. ಆಮೇಲೆ ಕ್ರಮದ ವರದಿ, ಅಂದರೆ ಯಾವ ನಿರ್ಣಯಕ್ಕೆ ಏನು ಕೆಲಸ ಆಯಿತು ಅಂತ ಒಂದೊಂದೇ ಹೇಳುವುದು. ಯಾರು ಯಾವಾಗ ಕೇಳಿದರೂ ಒಂದು ನಿರ್ಣಯ ಎಲ್ಲಿ ಹುಟ್ಟಿತು, ಏನಾಯಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಇನ್ನೊಂದು ರೂಢಿ ಇಟ್ಟುಕೊಂಡಿದ್ದರು. ಒಂದು ವಿಷಯದ ಚರ್ಚೆ ಮುಗಿದ ಕೂಡಲೇ ಪೆನ್ನು ಎತ್ತಿ ಕೇಳುವರು: ‘ನಿರ್ಣಯ ಏನಂತ ಬರ್ಕೊಳ್ಲಿ ಸರ್?’ ಮಾತು ಎಷ್ಟೇ ಹರಡಿದ್ದರೂ ಆ ಪ್ರಶ್ನೆಗೆ ಅದು ಒಂದು ವಾಕ್ಯವಾಗಿ ಕೂಡುತ್ತಿತ್ತು. ಮೇಜಿನ ಸುತ್ತ ಕುಂತವರಿಗೆ ಅದು ತಮಾಷೆಯಾಗಿತ್ತು. ‘ಮೇಡಂ ಪೆನ್ನು ಎತ್ತಿದ್ರು, ಇನ್ನ ಎಲ್ಲಾರೂ ಖರೇ ಮಾತಾಡ್ರಿ’ ಎಂದು ಫಿಸಿಕ್ಸ್‌ನ ಮೂಕಣ್ಣ ನಗಿಸುತ್ತಿದ್ದರು.

ಹದಿನಾಲ್ಕನೇ ಸಭೆ ನಡೆದದ್ದು ಎಂಬತ್ನಾಲ್ಕರ ಮಳೆಗಾಲದಲ್ಲಿ. ಮಳೆಗಾಲ ಅನ್ನಬೇಕಷ್ಟೇ, ಅಂದು ಗಾಳಿಯೇ ಇರಲಿಲ್ಲ. ಕರೆಂಟೂ ಹೋಗಿತ್ತು. ಎಂಟನೇ ವಿಷಯಕ್ಕೆ ಬರುವ ಹೊತ್ತಿಗೆ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು.

೧೪.೮ ಭೂವಿಜ್ಞಾನ ವಿಭಾಗದ್ದು. ಸಂಡೂರಿನ ಗುಡ್ಡದಲ್ಲಿ ಕೈಬಿಟ್ಟ ಹಳೇ ಗಣಿಯೊಂದಿತ್ತು. ಅಲ್ಲಿನ ಕಲ್ಲಿನ ಪದರ ತೋರಿಸಲು ಕೊನೆ ವರ್ಷದ ಹುಡುಗರನ್ನು ಕರೆದೊಯ್ಯಬೇಕೆಂದು ಹುಲುಗಪ್ಪ ಮೇಷ್ಟ್ರು ಕೇಳಿದ್ದರು. ಬರೀ ಅನುಮತಿಯಲ್ಲ, ತಮ್ಮ ಜೊತೆ ಇನ್ನೊಬ್ಬ ಅಧ್ಯಾಪಕರು ಬೇಕು, ಗುಡ್ಡ ತಿಳಿದ ಸ್ಥಳೀಯನೊಬ್ಬ ಬೇಕು ಅಂತಲೂ ಬರೆದಿದ್ದರು.

‘ಮಳಿ ಬಂದು ಮಣ್ಣು ಸಡ್ಲಾಗಿರ್ತತಿ ಸರ್. ಒಬ್ನ ಕೈಲಿ ಆಗಂಗಿಲ್ಲ’ ಎಂದರು ಹುಲುಗಪ್ಪ.

‘ಇನ್ನೊಬ್ರು ಯಾರು ಹೋಗ್ತಾರ? ಎಲ್ಲಾರ್ದೂ ಟೆಸ್ಟ್ ಅದಾವು’ ಎಂದರು ಒಬ್ಬರು. ‘ದೀಪಾವಳಿ ಆದ್ಮ್ಯಾಲೆ ಇಟ್ಕೊಂಡ್ರಾತು’ ಎಂದರು ಮತ್ತೊಬ್ಬರು. ‘ಸಿಲಬಸ್ಸಿನಾಗ ಐತಲ್ರೀ, ಹೋಗ್ಲೇಬೇಕು’ ಎಂದರು ಮೂಕಣ್ಣ. ಅಷ್ಟರಲ್ಲಿ ಸಂಸ್ಥೆಯ ಅಧ್ಯಕ್ಷರ ಜೀಪು ಗೇಟಿನೊಳಗೆ ಬಂದ ಸದ್ದು ಕೇಳಿತು. ಕೌನ್ಸಿಲ್ಲಿನ ಅಧ್ಯಕ್ಷರಾಗಿದ್ದ ಪ್ರಿನ್ಸಿಪಾಲ್ ಅಂಜಿನಯ್ಯನವರು ಎದ್ದೇಬಿಟ್ಟರು.

‘ಆಯ್ತು, ನೋಡೋಣ’ ಎಂದರು, ಹುಲುಗಪ್ಪನ ಕಡೆ ಕೈಮಾಡಿ.

ಗಾಳೆಮ್ಮ ಪೆನ್ನು ಎತ್ತಿದರು. ‘ನಿರ್ಣಯ ಏನಂತ ಬರ್ಕೊಳ್ಲಿ ಸರ್?’

‘ನಿಮಗ ಗೊತ್ತಲ್ರೀ ಮೇಡಂ, ಬರೀರಿ’ ಎಂದು ಅಂಜಿನಯ್ಯ ಬಾಗಿಲು ದಾಟಿದರು. ಎಲ್ಲರೂ ನಕ್ಕರು. ಗಾಳೆಮ್ಮನೂ ನಕ್ಕರು. ಉಳಿದ ಎರಡು ವಿಷಯ ಮುಂದಿನ ಸಭೆಗೆ ಹೋದವು. ಟಿಪ್ಪಣಿ ಪುಸ್ತಕದಲ್ಲಿ ೧೪.೮ರ ಮುಂದೆ ‘ಆಯ್ತು, ನೋಡೋಣ’ ಎಂಬ ಎರಡೇ ಶಬ್ದ ಉಳಿದವು. ಪ್ರಿನ್ಸಿಪಾಲರು ಸಿಕ್ಕಾಗ ಕೇಳಿ ತಿದ್ದಿದರಾಯಿತು ಅಂತ ಗಾಳೆಮ್ಮ ಅಂದುಕೊಂಡರು. ಮರುದಿನ ಅಂಜಿನಯ್ಯ ಬೆಂಗಳೂರಿಗೆ ಹೋದರು.

ಆ ವಾರದಲ್ಲೇ ಒಂದು ಮಧ್ಯಾಹ್ನ ವರಾಂಡದಲ್ಲಿ ವಿರುಪಾಕ್ಷಪ್ಪ ಎದುರಾದ. ಮರಿಯಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಕೊನೆ ವರ್ಷದ ಹುಡುಗ. ಹಿಂದೆ ಎರಡು ವರ್ಷ ಗಾಳೆಮ್ಮನ ಕನ್ನಡ ಕ್ಲಾಸಿನಲ್ಲಿ ಕುಂತವನು. ಮಾತಾಡುವಾಗ ಕುತ್ತಿಗೆಯನ್ನು ಒಂದು ಕಡೆಗೆ ವಾಲಿಸುತ್ತಿದ್ದ.

‘ಮೇಡಂ, ಮೀಟಿಂಗಿನಾಗ ನಮ್ ಟೂರ್ ಪಾಸಾತೇನ್ರಿ?’

ಅಧ್ಯಕ್ಷರು ಕರಡು ನೋಡುವ ಮೊದಲು ಸಭೆಯ ಮಾತನ್ನು ಹೊರಗೆ ಹೇಳಬಾರದು. ಅದು ನಿಯಮ, ಗಾಳೆಮ್ಮ ಅದನ್ನು ಮುರಿದವರಲ್ಲ.

‘ನಡಾವಳಿ ಇನ್ನಾ ಆಗಿಲ್ಲಪ್ಪ. ನಿಮ್ ಸರ್‌ನ ಕೇಳು.’

‘ಸರ್ ಆತು ಅಂದ್ರು ಮೇಡಂ. ಅದಕ್ಕ ನಿಮ್ಮನ್ನ ಕೇಳಿದೆ, ನೀವ ಬರೀತೀರಂತಲ್ಲ.’ ನಕ್ಕು ಮೆಟ್ಟಿಲಿಳಿದು ಹೋದ.

ಶನಿವಾರ ಹುಲುಗಪ್ಪ ಮೇಷ್ಟ್ರು ಒಬ್ಬರೇ ಹುಡುಗರನ್ನು ಕರೆದುಕೊಂಡು ಸಂಡೂರಿಗೆ ಹೋದರು. ಗಣಿಯ ಗುಂಡಿಯ ಅಂಚಿನಲ್ಲಿ ಮಣ್ಣು ಕುಸಿಯಿತು. ಮುಂದೆ ನಿಂತು ಕಲ್ಲಿನ ಚೂರು ಕೀಳುತ್ತಿದ್ದವನು ವಿರುಪಾಕ್ಷಪ್ಪ. ಮೇಷ್ಟ್ರು ಇಳಿಜಾರಿನ ಆ ಕಡೆ ಉಳಿದ ಹುಡುಗರ ಜೊತೆಗಿದ್ದರು. ಕೆಂಪು ಮಣ್ಣಿನಿಂದ ಅವನನ್ನು ಎತ್ತಿದಾಗ ಉಸಿರಿರಲಿಲ್ಲ.

ಸೋಮವಾರ ಕಾಲೇಜಿನಲ್ಲಿ ಪಾಠ ನಡೆಯಲಿಲ್ಲ. ಮಂಗಳವಾರ ಹುಲುಗಪ್ಪ ಗಾಳೆಮ್ಮನ ಮನೆಗೆ ಬಂದರು. ಕೈಗೆ ಪಟ್ಟಿ ಕಟ್ಟಿತ್ತು. ಮಣ್ಣು ತೋಡಿದ ಉಗುರುಗಳು ಕಿತ್ತುಹೋಗಿದ್ದವು. ಗುಡ್ಡಪ್ಪ ಕುರ್ಚಿ ತಂದು ಹಾಕಿದರೂ ಕುಂದ್ರಲಿಲ್ಲ.

‘ಮೇಡಂ, ಅವ್ರು ಆಯ್ತು ಅಂದ್ರು. ನೀವು ಕೇಳೀರಿ, ಎಲ್ಲಾರೂ ಕೇಳ್ಯಾರ. ಆಯ್ತು ಅಂದ್ರ ಏನ್ರಿ ಅರ್ಥ? ಅನುಮತಿ ಕೊಟ್ಟೈತಿ ಅಂತ ಬರೀರಿ. ಇಲ್ಲಂದ್ರ ನಾ ಹೇಳ್ದ ಕೇಳ್ದ ಹುಡುಗರನ್ನ ಕರ್ಕೊಂಡ್ಹೋದೆ ಅಂತ ಆಕ್ಕತಿ.’

‘ಎರಡನೇ ಅಧ್ಯಾಪಕ್ರು ಬೇಕು ಅಂತ ನೀವ ಬರ್ದಿದ್ರಿ, ಸರ್’ ಎಂದರು ಗಾಳೆಮ್ಮ, ಮೆಲ್ಲಗೆ.

‘ಕೇಳಿದೆ. ಯಾರೂ ಬರ್ಲಿಲ್ಲ’ ಎಂದು ಹುಲುಗಪ್ಪ ಗೋಡೆ ಕಡೆ ಮುಖ ಮಾಡಿದರು. ಆ ದೊಡ್ಡ ಗಂಡಸು ಬಿಕ್ಕುವ ಸದ್ದಿಗೆ ಗುಡ್ಡಪ್ಪ ಎದ್ದು ಒಳಗೆ ಹೋದರು.

ಮರುದಿನ ಅಂಜಿನಯ್ಯ ತಮ್ಮ ಕೋಣೆಗೆ ಕರೆಸಿದರು. ಅವರ ಮುಖವೂ ಇಳಿದುಹೋಗಿತ್ತು.

‘ಮೇಡಂ, ನಾ ನೋಡೋಣ ಅಂದೆ. ನೋಡೋಣ ಅಂದ್ರ ಈಗ ಬ್ಯಾಡ ಅಂತ, ಸಣ್ಣ ಹುಡುಗ್ರಿಗೂ ತಿಳೀತತಿ. ಮುಂದೂಡಲಾಯಿತು ಅಂತ ಬರ್ಕೊಂಡೀರಲ್ಲ?’

‘ಇಲ್ರಿ ಸರ್. ನೀವು ಆಯ್ತು ನೋಡೋಣ ಅಂದ್ರಿ. ಏನ್ ಬರೀಲಿ ಅಂತ ಕೇಳಿದೆ. ನಿಮಗ ಗೊತ್ತಲ್ಲ ಅಂದ್ರಿ.’

‘ಗೊತ್ತಿತ್ತಲ್ಲ ಮತ್ತ?’ ಎಂದರು ಅಂಜಿನಯ್ಯ.

ಗಾಳೆಮ್ಮನಿಗೆ ಗೊತ್ತಿರಲಿಲ್ಲ. ಅದೇ ಅವರನ್ನು ಹಿಡಿದದ್ದು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹುಲುಗಪ್ಪನ ಕಿವಿಗೆ ‘ಆಯ್ತು’ ಬಿದ್ದಿತ್ತು, ಅಂಜಿನಯ್ಯನ ಬಾಯಿಂದ ‘ನೋಡೋಣ’ ಹೊರಟಿತ್ತು. ಎರಡರ ನಡುವೆ ಒಂದು ಉಸಿರಿನ ಜಾಗ. ಆ ಹುಡುಗ ಬಿದ್ದದ್ದು ಅಲ್ಲೇ ಅಂತ ಅವರಿಗೆ ಅನಿಸತೊಡಗಿತು.

ಅವತ್ತಿಂದ ಶುರುವಾಯಿತು. ವರಾಂಡದಲ್ಲಿ ನಡೆಯುವಾಗ ಹಿಂದಿಂದ ‘ಮೇಡಂ, ಪಾಸಾತೇನ್ರಿ?’ ಅಂತ ಕೇಳಿಸುತ್ತಿತ್ತು. ತಿರುಗಿದರೆ ಹುಡುಗರ ಗುಂಪು ತಮ್ಮ ಪಾಡಿಗೆ ತಾವು ಹೋಗುತ್ತಿರುತ್ತಿತ್ತು. ಒಂದು ದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕುತ್ತಿಗೆ ವಾಲಿಸಿದ್ದು ಕಂಡು ಪದ್ಯದ ಅರ್ಧಕ್ಕೇ ನಿಂತುಬಿಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಕಾಲುವೆ ದಂಡೆಯ ಮೇಲೆ ಹುಡುಗನೊಬ್ಬ ಬಸ್ಸಿಗೆ ಹೊರಟರೆ ಅವನು ತಿರುವು ದಾಟುವ ತನಕ ನೋಡುತ್ತ ನಿಲ್ಲುತ್ತಿದ್ದರು. ಮನೆಯಲ್ಲಿ ಗುಡ್ಡಪ್ಪ, ‘ಹಬ್ಬಕ್ಕ ಕಂಪ್ಲಿಗೆ ಹೋಗೂದು, ನೋಡೋಣು’ ಎಂದದ್ದಕ್ಕೆ ಕೈಯಲ್ಲಿದ್ದ ತಟ್ಟೆ ಇಟ್ಟು ಚೀರಿದರು:

‘ಹೋಗೂದಾದ್ರ ಹೋಗೂದನ್ನು, ಇಲ್ಲಂದ್ರ ಇಲ್ಲನ್ನು! ನೋಡೋಣು ಅನಬ್ಯಾಡ ನನ್ ಮುಂದ!’

ಗುಡ್ಡಪ್ಪ ಆಮೇಲೆ ಜೀವಮಾನದಲ್ಲಿ ಆ ಶಬ್ದವನ್ನು ಆಕೆಯ ಎದುರು ಬಳಸಲಿಲ್ಲ.

ನಡಾವಳಿಯ ಕರಡು ಬರೆಯದೆ ಗತಿ ಇರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಕುಂತರು. ೧೪.೧ರಿಂದ ೧೪.೭ರವರೆಗೆ ಕೈ ತಾನೇ ಓಡಿತು. ೧೪.೮ಕ್ಕೆ ಬಂದು ನಿಂತಿತು. ‘ಅನುಮತಿ ನೀಡಲಾಯಿತು’ ಎಂದು ಬರೆದರೆ ಅದು ನಡೆದ ಮಾತಲ್ಲ. ‘ಮುಂದೂಡಲಾಯಿತು’ ಎಂದರೂ ಅಲ್ಲ. ಸಂಖ್ಯೆಯನ್ನೇ ತೆಗೆದುಹಾಕಿ ಒಂಬತ್ತನ್ನು ಎಂಟು ಮಾಡಿದರೆ? ಕಾರ್ಯಸೂಚಿಯಲ್ಲಿ ಎಂಟನೇ ವಿಷಯ ಇದೆ, ಎಲ್ಲರ ಕೈಯಲ್ಲೂ ಇದೆ. ವಿಷಯ ಇದ್ದು ನಡಾವಳಿಯಲ್ಲಿ ಅದರ ಜೋಡಿ ಇಲ್ಲವೆಂದರೆ ಅದು ಆ ಹುಡುಗನನ್ನು ಇನ್ನೊಂದು ಸಲ ಮಣ್ಣಿಗೆ ಹಾಕಿದ ಹಾಗೆ.

ಕೊನೆಗೆ ಬರೆದರು: ‘೧೪.೮. ಭೂವಿಜ್ಞಾನ ವಿಭಾಗದ ಕ್ಷೇತ್ರ ಅಧ್ಯಯನ. ಎರಡನೇ ಅಧ್ಯಾಪಕರು ಮತ್ತು ಸ್ಥಳೀಯ ಮಾರ್ಗದರ್ಶಿ ಬೇಕೆಂದು ವಿಭಾಗ ಕೋರಿತು. ಚರ್ಚಿಸಲಾಯಿತು. ಅಧ್ಯಕ್ಷರು “ಆಯ್ತು, ನೋಡೋಣ” ಎಂದರು. ನಿರ್ಣಯ ಏನೆಂದು ಕಾರ್ಯದರ್ಶಿ ಕೇಳಿದರು. ಸ್ಪಷ್ಟ ಉತ್ತರ ಬರಲಿಲ್ಲ. ಅನುಮತಿ ನೀಡುವ ಅಥವಾ ಮುಂದೂಡುವ ನಿರ್ಣಯವನ್ನು ಸಭೆ ಕೈಗೊಳ್ಳಲಿಲ್ಲ.’

ಅಂಜಿನಯ್ಯ ಕರಡಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಕೊನೆಯ ವಾಕ್ಯ ಹೊಡೆದು ‘ಮುಂದೂಡಲಾಯಿತು’ ಎಂದು ಬರೆದು ಕಳಿಸಿದರು. ಗಾಳೆಮ್ಮ ಅದನ್ನು ಹಿಡಿದು ಅವರ ಕೋಣೆಗೆ ಹೋದರು.

‘ಸರ್, ತಿದ್ದುಪಡಿ ಹೇಳೋ ಹಕ್ಕು ನಿಮಗೈತಿ. ನಾ ಬರ್ದದ್ದು ಹಂಗ ಇರ್ಲಿ, ನೀವು ಹೇಳಿದ ತಿದ್ದುಪಡಿ ಅದರ ಕೆಳಗ ಇರ್ಲಿ. ಎರಡನ್ನೂ ಸದಸ್ಯರಿಗೆ ಕಳಿಸ್ತೀನಿ. ಹುಲುಗಪ್ಪ ಸರ್ ಹೇಳಿದ್ದನ್ನೂ ಕಳಿಸ್ತೀನಿ. ದೃಢೀಕರಣದಾಗ ಸಭೆ ಏನ್ ಅಂತದೋ ಅದು.’

‘ನನ್ನ ನೌಕ್ರಿ ಮ್ಯಾಲೆ ಬರ್ತತಿ ಇದು, ಗಾಳೆಮ್ಮ’ ಎಂದರು ಅಂಜಿನಯ್ಯ. ಮೇಡಂ ಅನ್ನಲಿಲ್ಲ.

‘ಗೊತ್ರಿ ಸರ್.’

ಹದಿನೈದನೇ ಸಭೆ ಮೌನದಿಂದ ಶುರುವಾಯಿತು. ಎಲ್ಲರೂ ಎದ್ದು ನಿಂತು ವಿರುಪಾಕ್ಷಪ್ಪನಿಗೆ ಸಂತಾಪ ಸೂಚಿಸಿದರು. ಅದು ಕಾರ್ಯಸೂಚಿಯಲ್ಲಿಲ್ಲದ ಮಾತು, ಅದಕ್ಕೆ ಸಂಖ್ಯೆಯಿಲ್ಲ. ಮೊದಲ ವಿಷಯಕ್ಕೂ ಮುಂಚೆ ಬರುತ್ತದೆ. ಗಾಳೆಮ್ಮ ನಿಂತಾಗ ಕಿಟಕಿಯಾಚೆ ಸಂಡೂರಿನ ಕೆಂಪು ಗುಡ್ಡ ಕಂಡಿತು. ಕುಂತ ಮೇಲೂ ಕಾಣುತ್ತಲೇ ಇತ್ತು.

೧೫.೧, ಹಿಂದಿನ ನಡಾವಳಿಯ ದೃಢೀಕರಣ. ಹುಲುಗಪ್ಪ ‘ಅನುಮತಿ ನೀಡಲಾಯಿತು’ ಎಂಬ ತಮ್ಮ ತಿದ್ದುಪಡಿ ಓದಿದರು. ಅಂಜಿನಯ್ಯ ತಮ್ಮದನ್ನು ಓದಿದರು. ಫ್ಯಾನು ತಿರುಗುತ್ತಿತ್ತು. ಎಲ್ಲರೂ ಆ ಮಧ್ಯಾಹ್ನವನ್ನು ನೆನೆಸಿಕೊಳ್ಳುತ್ತಿದ್ದರು, ತಾವು ಆಡಿದ ಮಾತು, ಆಡದೆ ಬಿಟ್ಟ ಮಾತು.

ಮೂಕಣ್ಣ ಎದ್ದರು. ಆವತ್ತು ಅವರು ಯಾರನ್ನೂ ನಗಿಸಲಿಲ್ಲ.

‘ಹೋಗ್ಲೇಬೇಕು ಅಂತ ಅಂದಾಂವ ನಾನು. ನಾ ಬರ್ತೀನಿ ಜೊತಿಗೆ ಅಂತ ಅನ್ಲಿಲ್ಲ. ಮೇಡಂ ನಿರ್ಣಯ ಏನು ಅಂತ ಕೇಳಿದಾಗ ನಾವು ನಕ್ವಿ. ನಿರ್ಣಯ ಆಗ್ಲಿಲ್ಲ. ಬರ್ದದ್ದು ಖರೆ ಐತಿ.’

ಒಬ್ಬೊಬ್ಬರಾಗಿ ‘ಹೌದು’ ಎಂದರು. ಕೊನೆಗೆ ಹುಲುಗಪ್ಪನೂ ತಲೆ ಆಡಿಸಿದರು. ಅಂಜಿನಯ್ಯ ತಮ್ಮ ತಿದ್ದುಪಡಿಯ ಹಾಳೆ ಮಡಿಚಿದರು. ಗಾಳೆಮ್ಮ ಪೆನ್ನು ಎತ್ತಿದರು.

‘ನಿರ್ಣಯ ಏನಂತ ಬರ್ಕೊಳ್ಲಿ ಸರ್?’

‘ತಿದ್ದುಪಡಿ ಇಲ್ದ ದೃಢೀಕರಿಸಲಾಯಿತು’ ಎಂದರು ಅಂಜಿನಯ್ಯ, ಒಂದೊಂದೇ ಶಬ್ದ ಬಿಡಿಸಿ.

೧೫.೨, ಕ್ರಮದ ವರದಿ. ಅದನ್ನು ಓದುವುದು ಕಾರ್ಯದರ್ಶಿಯ ಕೆಲಸ. ೧೪.೧, ನಿರ್ಣಯ ಇಂಥದು, ಕ್ರಮ ಇಂಥದು. ೧೪.೨, ಹಾಗೇ. ಎಂಟನೆಯದನ್ನೂ ಅದೇ ಧ್ವನಿಯಲ್ಲಿ ಓದಿದರು.

‘ಹದಿನಾಲ್ಕು ಎಂಟು. ನಿರ್ಣಯ: ಇಲ್ಲ. ಕ್ರಮ: ಅಧ್ಯಯನ ಪ್ರವಾಸ ನಡೆಯಿತು.’

ಪುಟ ತಿರುವಿ ೧೪.೯ಕ್ಕೆ ಹೋದರು.

ಸಂಸ್ಥೆಯವರ ವಿಚಾರಣೆಗೆ ಹೋದದ್ದು ಇದೇ ನಡಾವಳಿ. ಒಬ್ಬರ ತಲೆಗೆ ಕಟ್ಟಲು ಬರಲಿಲ್ಲ. ಕೌನ್ಸಿಲ್ಲಿನ ಎಲ್ಲರಿಗೂ ಎಚ್ಚರಿಕೆಯ ಪತ್ರ ಬಂತು, ಗಾಳೆಮ್ಮನಿಗೂ. ಅಂಜಿನಯ್ಯ ಆ ವರ್ಷದ ಕೊನೆಗೆ ಪ್ರಿನ್ಸಿಪಾಲ್ ಪದವಿ ಬಿಟ್ಟು ತಮ್ಮ ಗಣಿತ ಪಾಠಕ್ಕೆ ಮರಳಿದರು. ಹುಲುಗಪ್ಪನನ್ನು ಯಾರೂ ತೆಗೆಯಲಿಲ್ಲ. ತಾವೇ ಬಿಟ್ಟು ಊರಿಗೆ ಹೋದರು. ಮತ್ತೆ ಗುಡ್ಡ ಹತ್ತಲಿಲ್ಲ ಅಂತ ಸುದ್ದಿ ಬಂತು.

ವಿಚಾರಣೆ ಮುಗಿದ ಮೇಲೆ ಗಾಳೆಮ್ಮ ಮರಿಯಮ್ಮನಹಳ್ಳಿಗೆ ಹೋದರು. ಯಾರೂ ಕಳಿಸಿರಲಿಲ್ಲ. ಹೆದ್ದಾರಿ ಪಕ್ಕದ ಓಣಿಯಲ್ಲಿ ಮನೆ. ಲಾರಿ ಹೋದಾಗಲೆಲ್ಲ ಬಾಗಿಲ ಚಿಲಕ ಅಲುಗುತ್ತಿತ್ತು. ತಾಯಿ ಎರ್ರಮ್ಮ ಶೇಂಗಾ ಸುಲಿಯುತ್ತ ಕುಂತಿದ್ದಳು. ಕಾಲೇಜಿನವರು ಎಂದು ತಿಳಿದರೂ ಕೈ ನಿಲ್ಲಿಸಲಿಲ್ಲ.

‘ನನ್ ಮಗ ಹೇಳಿದ್ದ, ದೊಡ್ಡೋರೆಲ್ಲ ಕುಂತು ತೀರ್ಮಾನ ಮಾಡ್ಯಾರ, ಹೋಗ್ತೀವಿ ಅಂತ. ನೀನೂ ಕುಂತಿದ್ದೇನವ್ವ?’

‘ಕುಂತಿದ್ದೆ ಯವ್ವಾ.’

‘ಏನಂದ್ರಿ ಅವನ ಬಗ್ಗೆ?’

ಗಾಳೆಮ್ಮ ಮರೆಮಾಚದೆ ಹೇಳಿದರು. ಸೆಕೆ, ಜೀಪಿನ ಸದ್ದು, ಆಯ್ತು ನೋಡೋಣ, ನಗೆ. ವರಾಂಡದಲ್ಲಿ ಹುಡುಗ ಕೇಳಿದ್ದು, ತಾನು ಹೇಳಿದ್ದು. ಎರ್ರಮ್ಮನ ಕೈ ಆಗ ನಿಂತಿತು.

‘ಹೌದೂ ಅನ್ಲಿಲ್ಲ. ಇಲ್ಲಾನೂ ಅನ್ಲಿಲ್ಲ.’

‘ಇಲ್ಲ ಯವ್ವಾ.’

‘ಅಷ್ಟು ಮಂದಿ ಕುಂತು.’

ಎರ್ರಮ್ಮ ಬೈಯಲಿಲ್ಲ, ಅಳಲಿಲ್ಲ. ಒಂದು ಚೆಂಬು ನೀರು ತಂದಿಟ್ಟು, ‘ಬಸ್ಸಿನ ಹೊತ್ತಾತು, ಹೋಗು’ ಎಂದಳು.

ಅಲ್ಲಿಗೆ ಮುಗಿಯಿತೆಂದು ಗಾಳೆಮ್ಮ ಅಂದುಕೊಂಡಿದ್ದರು. ಮರುವರ್ಷ ಒಂದು ಸಂಜೆ ಬಾಗಿಲ ಮುಂದೆ ಯಾರೋ ಕುಂತಂತಾಯಿತು. ಎರ್ರಮ್ಮ. ಹೊಸಪೇಟೆ ಸಂತೆಗೆ ಬಂದವಳು, ಮನೆ ಕೇಳಿಕೊಂಡು ಬಂದಿದ್ದಳು. ಒಳಗೆ ಕರೆದರೆ ಬರಲಿಲ್ಲ.

‘ಮತ್ತ ಮೀಟಿಂಗ್ ಆತೇನವ್ವ?’

‘ಆತು.’

‘ಏನ್ ತೀರ್ಮಾನ ಮಾಡಿದ್ರಿ?’

ಗಾಳೆಮ್ಮ ಮೆಟ್ಟಿಲ ಮೇಲೆ ಅವಳ ಪಕ್ಕ ಕುಂತು ಹೇಳಿದರು. ಎಲ್ಲರಿಗೂ ಕಳಿಸಿಯಾಗಿದ್ದ, ದೃಢೀಕರಣವಾಗಿದ್ದ ನಿರ್ಣಯಗಳು. ಹಾಜರಿ ಕಡಿಮೆಯಾದವರ ವಿಷಯ, ಇಂಥ ನಿರ್ಣಯ. ಲ್ಯಾಬಿನ ಹೊತ್ತಿನ ವಿಷಯ, ಇಂಥ ನಿರ್ಣಯ. ಎರ್ರಮ್ಮನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಅದಕ್ಕ ಬಾಯಿಬಿಟ್ಟು ಹೂಂ ಅಂದ್ರೇನು?’

‘ಅಂದ್ರು.’

‘ಇದಕ್ಕ?’

‘ಇದಕ್ಕ ಬ್ಯಾಡ ಅಂದ್ರು.’

‘ಹಂಗ ಅನ್ಬೇಕು’ ಎಂದು ಸೆರಗು ಕೊಡವಿ ಎದ್ದು ಹೋದಳು.

ಆಮೇಲೆ ಸಂತೆಗೆ ಬಂದಾಗಲೆಲ್ಲ ಬಂದಳು, ವರ್ಷಗಳ ಕಾಲ. ಗುಡ್ಡಪ್ಪನಿಗೆ ಅದು ಸರಿಬರಲಿಲ್ಲ. ‘ಆಕಿ ಬಂದ್ಹೋದ ದಿನ ನೀ ಊಟ ಮಾಡಂಗಿಲ್ಲ. ಬರಬ್ಯಾಡ ಅಂತ ಹೇಳು’ ಎನ್ನುತ್ತಿದ್ದರು. ಗಾಳೆಮ್ಮ ಹೇಳಲಿಲ್ಲ. ಮೇಜಿನ ಮುಂದೆ ಯಾರಾದರೂ ಮಾತನ್ನು ಅರ್ಧಕ್ಕೆ ಬಿಟ್ಟರೆ ಈಗ ಅವರು ಪೆನ್ನು ಕೆಳಗಿಡುತ್ತಿರಲಿಲ್ಲ, ಬಾಗಿಲು ದಾಟಿದ ಅಧ್ಯಕ್ಷರನ್ನೂ ವರಾಂಡದವರೆಗೆ ಹೋಗಿ ಕೇಳಿ ಬರುತ್ತಿದ್ದರು. ಹೊಸ ಪ್ರಿನ್ಸಿಪಾಲರು ಅದನ್ನು ಹಟ ಅಂದರು. ಹಳಬರು ಆಕೆ ಮರಳಿ ಬರುವವರೆಗೆ ಕಾದರು.

ತೊಂಬತ್ತೆರಡರಲ್ಲೋ ತೊಂಬತ್ಮೂರರಲ್ಲೋ ಎರ್ರಮ್ಮ ಬರುವುದು ನಿಂತಿತು. ಆಳಿನ ಕೈಲಿ ಕೇಳಿಸಿದರೆ, ತೋರಣಗಲ್ಲಿನ ಕಡೆ ಮಗಳ ಮನೆಗೆ ಹೋದಳು ಎಂದರು ಕೆಲವರು, ತೀರಿಕೊಂಡಳು ಎಂದರು ಕೆಲವರು. ಖಚಿತವಾಗಿ ಯಾರೂ ಹೇಳಲಿಲ್ಲ.

ಸಭೆಯಾದ ದಿನ ಸಂಜೆ ಗಾಳೆಮ್ಮ ಆಮೇಲೂ ಹೊರಗಿನ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕುಂದ್ರುತ್ತಿದ್ದರು. ತುಟಿ ಮೆಲ್ಲಗೆ ಆಡುತ್ತಿದ್ದವು. ಗುಡ್ಡಪ್ಪ ಒಂದು ಸಲ ಚಹಾ ಹಿಡಿದು ಬಾಗಿಲಿಗೆ ಬಂದು, ‘ಅಂದ್ರು’ ಎಂದೂ, ಸ್ವಲ್ಪ ಬಿಟ್ಟು ‘ಇದಕ್ಕ ಬ್ಯಾಡ ಅಂದ್ರು’ ಎಂದೂ ಆಕೆ ಹೇಳುವುದನ್ನು ಕೇಳಿದರು. ಕರೆಯದೆ, ಲೋಟ ಹಿಡಿದುಕೊಂಡೇ ಒಳಗೆ ಹೋದರು.